ಏನೂ ಆಗಲ್ಲ ಅನ್ನೋದನ್ನು ನಾನು ನಿಲ್ಲಿಸಿದ್ದು

ಅವತ್ತು ಮಂಗಳವಾರ. ಸಂಜೆ ನೋಡಿದರೆ ನನ್ನ ಮೊಬೈಲಿಗೆ ನಮ್ಮ ಯಜಮಾನರಿಂದ 23 ಕರೆ ಬಂದಿದ್ದವು. ನಮ್ಮ ಮನೆ ಬನಶಂಕರಿಯಲ್ಲಿ, ನಾನು ಕೆಲಸ ಮಾಡೋದು ಗಾಂಧಿನಗರದ ಒಂದು ಬ್ಯಾಂಕಿನಲ್ಲಿ. ಮೆಟ್ರೋ ಹತ್ತಿದ್ಯಾ, ಇಳಿದ್ಯಾ, ಊಟ ಆಯ್ತಾ, ಎದೆ ಹಿಡ್ಕೊಂಡ ಹಾಗಿದೆ, ಇದು ಹಾರ್ಟ್ ಅಟ್ಯಾಕ್ ಅಲ್ಲ ತಾನೇ? ಪ್ರತಿ ಸಲ ಕೌಂಟರ್ ಬಿಟ್ಟು ಎದ್ದು ಹೋಗಿ, "ಏನೂ ಆಗಲ್ಲ ರೀ, ನಾನಿದ್ದೀನಲ್ಲ" ಅನ್ನುತ್ತಿದ್ದೆ.

ಅದಕ್ಕೂ ಮೊದಲು ಎರಡು ಸಲ ನಡುರಾತ್ರಿ ಎದೆನೋವು ಅಂತ ಆಸ್ಪತ್ರೆಗೆ ಓಡಿದ್ದೆವು. ಎರಡೂ ಸಲ ಇಸಿಜಿ ಸರಿಯಾಗಿತ್ತು. ಥೈರಾಯ್ಡ್ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ನಮ್ಮ ಏರಿಯಾದ ಡಾಕ್ಟರೇ ಮನೋವೈದ್ಯರ ಹತ್ತಿರ ಕಳಿಸಿದರು. ಆತಂಕದ ಕಾಯಿಲೆ, ಜೊತೆಗೆ ಖಿನ್ನತೆಯೂ ಇದೆ ಅಂದರು. ಅತ್ತೆ ಮಾತ್ರ, "ದೃಷ್ಟಿ ತಾಕಿದೆ ಕಣೇ, ಮಾತ್ರೆ ಎಲ್ಲ ಯಾಕೆ?" ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ನಾನು ಬೇಡ ಅನ್ನಲಿಲ್ಲ. ಮಾತ್ರೆಯನ್ನೂ ನಿಲ್ಲಿಸಲಿಲ್ಲ.

ಮಾತ್ರೆ ಕೆಲಸ ಶುರು ಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಆ ಮಾತು ನಮ್ಮನ್ನು ಉಳಿಸಿತು. ಯಾಕಂದ್ರೆ ಮೊದಲ ವಾರ ಇವರಿಗೆ ವಾಕರಿಕೆ ಬಂತು, ಚಡಪಡಿಕೆ ಕಮ್ಮಿಯಾಗೋದರ ಬದಲು ಜಾಸ್ತಿಯೇ ಆಯಿತು. ಗೊತ್ತಿರದಿದ್ದರೆ ಮಾತ್ರೆ ಆಗಿಬರಲ್ಲ ಅಂತ ನಾವೇ ಬಿಟ್ಟುಬಿಡುತ್ತಿದ್ದೆವು.

ಆದರೆ ನಮ್ಮಿಬ್ಬರ ನಡುವಿನ ಗಂಟು ಮಾತ್ರೆಯಿಂದ ಬಿಡುವಂಥದ್ದಲ್ಲ ಅಂತ ಗೊತ್ತಾಗಿದ್ದು ಇವರ ಸೈಕಾಲಜಿಸ್ಟ್ ಒಂದು ದಿನ ನನ್ನನ್ನೂ ಒಳಗೆ ಕರೆದಾಗ. "ನೀವು ಏನೂ ಆಗಲ್ಲ ಅಂದ ಮೇಲೆ ಎಷ್ಟು ಹೊತ್ತು ಸಮಾಧಾನ ಇರುತ್ತೆ?" ಅಂತ ಅವರು ಇವರನ್ನು ಕೇಳಿದರು. ಇವರು ಸ್ವಲ್ಪ ಯೋಚಿಸಿ, "ಹತ್ತು ನಿಮಿಷ" ಅಂದರು. ನನಗೆ ಅಳು ಬಂತು. ಆ ಹತ್ತು ನಿಮಿಷಕ್ಕೋಸ್ಕರ ನಾನು ಸಂಗೀತ ಕ್ಲಾಸ್ ಬಿಟ್ಟಿದ್ದೆ, ಗೆಳತಿಯರ ಫೋನ್ ಎತ್ತೋದು ಬಿಟ್ಟಿದ್ದೆ, ಮಗಳ ಮೇಲೆ ಸುಮ್ಸುಮ್ನೆ ರೇಗುತ್ತಿದ್ದೆ.

ಅವರು ಬಿಡಿಸಿ ಹೇಳಿದ್ದು ಇಷ್ಟು. ಭಯ ಬರುತ್ತೆ, ಇವರು ಕೇಳ್ತಾರೆ, ನಾನು ಧೈರ್ಯ ಹೇಳ್ತೀನಿ, ಭಯ ಇಳಿಯುತ್ತೆ. ಭಯ ತಾನಾಗೇ ಇಳಿಯುತ್ತೆ ಅಂತ ನೋಡೋ ಅವಕಾಶವೇ ಇವರಿಗೆ ಸಿಗೋದಿಲ್ಲ. ಹೆಂಡತಿ ಹೇಳಿದ್ದಕ್ಕೆ ಇಳಿಯಿತು ಅಂತ ಮನಸ್ಸು ಲೆಕ್ಕ ಹಾಕುತ್ತೆ, ಮುಂದಿನ ಸಲ ಇನ್ನೂ ಬೇಗ ಫೋನ್ ಹುಡುಕುತ್ತೆ. ಹಾಗಂತ ಒಂದೇ ಸಲ ಕೈಬಿಡಬೇಡಿ, ಇಬ್ಬರೂ ಮಾತಾಡಿಕೊಂಡು ನಿಧಾನವಾಗಿ ಕಮ್ಮಿ ಮಾಡಿ ಅಂದರು.

ಮೊದಲ ವಾರ ನಾನು ಏನೂ ಬದಲಿಸಲಿಲ್ಲ, ಬರೀ ಬರೆದಿಟ್ಟೆ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಎರಡು ಕಾಲಂ: ಇವರು ಎಷ್ಟು ಸಲ ಕೇಳಿದರು, ನಾನು ಎಷ್ಟು ಸಲ ಉತ್ತರ ಕೊಟ್ಟೆ. ಬರೆಯುವಾಗ ಇನ್ನೊಂದು ಕಂಡಿತು. ಎಷ್ಟೋ ಸಲ ಇವರು ಕೇಳೋ ಮೊದಲೇ ನಾನೇ ಫೋನ್ ಮಾಡಿ, "ತಲುಪಿದೆ ರೀ" ಅನ್ನುತ್ತಿದ್ದೆ. ಆ ಭಯ ನನ್ನೊಳಗೂ ಬಂದು ಕೂತಿತ್ತು.

ಭಾನುವಾರ ತಿಂಡಿ ಆದಮೇಲೆ, ಇವರು ಸಮಾಧಾನವಾಗಿದ್ದಾಗ ಕೂತು ಮಾತಾಡಿದೆವು. ಭಯ ಹತ್ತಿದ ಹೊತ್ತಲ್ಲಿ ಇಂಥ ಮಾತು ಎತ್ತಬಾರದು, ತಳ್ಳಿಬಿಟ್ಟಳು ಅಂತಲೇ ಕೇಳಿಸುತ್ತೆ. ಮಧ್ಯಾಹ್ನ ಒಂದೂವರೆಗೆ ಒಂದು ಕರೆ, ಹತ್ತು ನಿಮಿಷ, ಅದು ಖಾಯಂ. ಬೇರೆ ಹೊತ್ತಲ್ಲಿ ಭಯದ ಪ್ರಶ್ನೆ ಬಂದರೆ ನಾನು ಒಂದೇ ಮೆಸೇಜ್ ಕಳಿಸೋದು. ಅದರ ಮಾತುಗಳನ್ನು ಇವರೇ ಆರಿಸಿದರು: "ಕಷ್ಟ ಆಗ್ತಿದೆ ಅಂತ ಗೊತ್ತು. ಇದು ಆತಂಕ ಕೇಳ್ತಿರೋ ಪ್ರಶ್ನೆ. ಒಂದೂವರೆಗೆ ಮಾತಾಡೋಣ." ಏನೂ ಆಗಲ್ಲ ಅನ್ನೋ ಮಾತು ಅದರಲ್ಲಿ ಇರಲಿಲ್ಲ. ಕಾಯೋ ಹೊತ್ತಲ್ಲಿ ಸೈಕಾಲಜಿಸ್ಟ್ ಹೇಳಿಕೊಟ್ಟ ಹಾಗೆ ಭಯಕ್ಕೆ ಹತ್ತರಲ್ಲಿ ಎಷ್ಟು ಅಂತ ಇವರು ಬರೆದು, ಅರ್ಧ ಗಂಟೆ ಬಿಟ್ಟು ಮತ್ತೆ ಬರೆಯಬೇಕು.

ಮೊದಲ ನಾಲ್ಕು ದಿನ ಕರೆಗಳು ಜಾಸ್ತಿಯೇ ಆದವು. ಹೀಗಾಗಬಹುದು ಅಂತ ಮೊದಲೇ ಹೇಳಿದ್ದರು. ಮೂರನೇ ದಿನ ಇವರು ನನ್ನ ಪಕ್ಕದ ಸೀಟಿನವರಿಗೆ ಫೋನ್ ಮಾಡಿದರು. ನನಗೆ ತಡೆಯಲಾಗಲಿಲ್ಲ, ಫೋನ್ ಇಸಕೊಂಡು ಏನೂ ಆಗಲ್ಲ ಅಂದುಬಿಟ್ಟೆ. ನಾನು ಮಾಡಿದ ದೊಡ್ಡ ತಪ್ಪು ಅದು. ಇಪ್ಪತ್ತು ಸಲ ಕೇಳಿ ಇಪ್ಪತ್ತೊಂದನೇ ಸಲ ಉತ್ತರ ಸಿಕ್ಕರೆ, ಇಪ್ಪತ್ತೊಂದು ಸಲ ಕೇಳಬೇಕು ಅಂತ ಮನಸ್ಸು ಕಲಿಯುತ್ತೆ. ಮಾರನೇ ದಿನ ಅದೇ ಆಯಿತು. ಮತ್ತೆ ಮೊದಲಿಂದ ಶುರು ಮಾಡಿದೆವು. ಮೂರನೇ ವಾರದ ಕೊನೆಗೆ ದಿನಕ್ಕೆ ಆರು ಕರೆಗೆ ಬಂತು. ಇವರ ಪುಸ್ತಕದಲ್ಲಿ ಎಂಟು ಅಂತ ಇದ್ದದ್ದು ಅರ್ಧ ಗಂಟೆಯಲ್ಲಿ ನಾಲ್ಕಾಗಿತ್ತು. ಅದನ್ನು ಇವರೇ ನನಗೆ ತೋರಿಸಿದರು.

ಒಂದು ವಿಷಯಕ್ಕೆ ಈ ನಿಯಮ ಇಲ್ಲ ಅಂತ ಮೊದಲೇ ಗೆರೆ ಎಳೆದಿದ್ದೆವು. ಒಂದು ರಾತ್ರಿ ಇವರು, "ನಾನಿಲ್ಲದಿದ್ರೆ ನಿಮಗೆಲ್ಲ ಆರಾಮ ಅಲ್ವಾ?" ಅಂದರು. ಇದು ಆತಂಕದ ಪ್ರಶ್ನೆ ಅಲ್ಲ. ನನ್ನ ಕೈ ತಣ್ಣಗಾಯಿತು. ಆದರೂ ನೇರವಾಗಿ ಕೇಳಿದೆ, "ಸಾಯಬೇಕು ಅನ್ನಿಸ್ತಿದೆಯಾ ರೀ? ಹೇಗೆ ಅಂತ ಯೋಚಿಸಿದ್ದೀರಾ?" ಹೀಗೆ ಕೇಳೋದರಿಂದ ಇಲ್ಲದ ಯೋಚನೆ ಹುಟ್ಟೋದಿಲ್ಲ. ಕೇಳಿದರೆ ಹೇಳೋಕೆ ದಾರಿ ಆಗುತ್ತೆ. ಅನ್ನಿಸುತ್ತೆ, ಆದರೆ ಏನೂ ಯೋಚಿಸಿಲ್ಲ ಅಂದರು. ಆ ರಾತ್ರಿಯೇ 14416ಕ್ಕೆ ಫೋನ್ ಮಾಡಿದೆವು. ಅದು ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಬೆಳಿಗ್ಗೆ ಡಾಕ್ಟರ ಹತ್ತಿರ ಹೋದೆವು. ಅಲ್ಲಿಂದ ಮಾತ್ರೆ ನನ್ನ ಬೀರುವಿನಲ್ಲಿ, ಒಂದು ಸಲಕ್ಕೆ ಒಂದು ವಾರದ್ದು ಮಾತ್ರ ತರೋದು. ಇವರ ತಮ್ಮನಿಗೂ ಹೇಳಿದೆವು. ಇದನ್ನು ನಾನೊಬ್ಬಳೇ ಹೊರಬಾರದು ಅಂತ ಡಾಕ್ಟರ್ ಖಡಾಖಂಡಿತವಾಗಿ ಹೇಳಿದ್ದರು.

ನನಗೆ ಅಂತ ನಾನು ವಾಪಸ್ ತಗೊಂಡಿದ್ದು ಶನಿವಾರದ ಬೆಳಿಗ್ಗೆ, ಆರೂವರೆಯಿಂದ ಎಂಟು. ಗೆಳತಿ ಜೊತೆ ಲಾಲ್‌ಬಾಗ್, ಫೋನ್ ಮನೆಯಲ್ಲಿ. ಆ ಹೊತ್ತು ಮೈದುನ ಮನೆಗೆ ಬಂದು ಕಾಫಿ ಕುಡಿದುಕೊಂಡು ಕೂತಿರುತ್ತಾನೆ. ಮೊದಲ ಶನಿವಾರ ಬಂಡೆಯ ಮೇಲಿನ ಗೋಪುರದವರೆಗೆ ಹತ್ತೋಕೆ ಆಗಲಿಲ್ಲ, ಅರ್ಧದಿಂದ ಓಡಿ ಬಂದೆ. ಮನೆಯಲ್ಲಿ ಇವರು ಮೈದುನನ ಜೊತೆ ಪೇಪರ್ ಓದುತ್ತಿದ್ದರು. ಬಿಟಿಎಂ ಲೇಔಟಿನಲ್ಲಿ ನಿಮ್ಹಾನ್ಸಿನವರ ಯೋಗಕ್ಷೇಮ ಕೇಂದ್ರ ಇದೆ, ಅಲ್ಲಿಗೆ ಮೂರು ಸಲ ನಾನೊಬ್ಬಳೇ ಹೋದೆ, ನನ್ನ ಬಗ್ಗೆ ಮಾತಾಡೋಕೆ. ಗಂಡನ ವಿಷಯ ಬಿಟ್ಟು ಏನು ಹೇಳಬೇಕು ಅಂತ ಮೊದಲ ಸಲ ತೋಚಲೇ ಇಲ್ಲ.

ಮಾತ್ರೆ ಇನ್ನೂ ನಡೀತಿದೆ. ಆರಾಮಾದ ಮೇಲೂ ಕಮ್ಮಿ ಅಂದ್ರೆ ಆರು ತಿಂಗಳು ಬಿಡಬಾರದು, ಬಿಡುವಾಗಲೂ ನಿಧಾನಕ್ಕೆ ಇಳಿಸಬೇಕು ಅಂದಿದ್ದಾರೆ. ಕಳೆದ ಗುರುವಾರ ಜೋರು ಮಳೆ, ಮನೆ ತಲುಪಿದಾಗ ಮುಕ್ಕಾಲು ಗಂಟೆ ತಡ. ಫೋನಿನಲ್ಲಿ ಇವರದು ಒಂದೇ ಮಿಸ್ಡ್ ಕಾಲ್. ಬಾಗಿಲು ತೆಗೆದಾಗ ಇವರ ಕೈ ಸ್ವಲ್ಪ ನಡುಗುತ್ತಿತ್ತು. ಯಾಕೆ ತಡ ಅಂತ ಕೇಳಲಿಲ್ಲ. ಟವೆಲ್ ಕೊಟ್ಟು, "ಕುಕ್ಕರ್ ಇಟ್ಟಿದ್ದೀನಿ, ಎಷ್ಟು ಸೀಟಿ ಆಯ್ತು ಅಂತ ಲೆಕ್ಕ ತಪ್ಪಿಹೋಯ್ತು" ಅಂದರು.