20 ಕಿಲೋ ಎತ್ತುವ ಗುಮಾಸ್ತ: ಒಂದು ಜಾಹೀರಾತನ್ನು ತಿದ್ದಿದ ನನ್ನ ಅನುಭವ

ಗೋದಾಮಿನ ದಾಸ್ತಾನು ಲೆಕ್ಕ ಬರೆಯಲು ಗುಮಾಸ್ತರೊಬ್ಬರು ಬೇಕಾಗಿದ್ದಾಗ, ಹಳೆಯ ಜಾಹೀರಾತಿನ ದಿನಾಂಕವನ್ನಷ್ಟೇ ಬದಲಿಸಿ ಹೊರಡಿಸುವುದರಲ್ಲಿದ್ದೆ. ಅದರಲ್ಲಿದ್ದ ಷರತ್ತುಗಳಲ್ಲಿ ಕೆಲವು ಇವು: “ವಯಸ್ಸು 21ರಿಂದ 30, ಚುರುಕಾದ ಯುವಕ, ಯುವತಿಯರು, 20 ಕಿಲೋ ಭಾರ ಎತ್ತಬಲ್ಲವರು, ಚಾಲನಾ ಪರವಾನಗಿ ಕಡ್ಡಾಯ.” ಯಾವುದಕ್ಕೂ ಇರಲಿ ಎಂದು, ಆ ಕೆಲಸದಿಂದ ನಿವೃತ್ತರಾಗಲಿದ್ದವರ ಪಕ್ಕದಲ್ಲಿ ಒಂದು ದಿನ ಕುಳಿತೆ. ಸಂಜೆಯವರೆಗೆ ಅವರು ಒಂದು ಪೆಟ್ಟಿಗೆಯನ್ನೂ ಎತ್ತಲಿಲ್ಲ. ಸರಕನ್ನೆಲ್ಲ ತಳ್ಳುಗಾಡಿಯಲ್ಲಿ ಬೇರೆಯವರೇ ಸಾಗಿಸುತ್ತಿದ್ದರು. ಕೇಳಿದಾಗ ತಿಳಿಯಿತು, ಹಿಂದೆ ಲೆಕ್ಕವೂ ಸಾಗಣೆಯೂ ಒಬ್ಬರದೇ ಕೆಲಸವಾಗಿತ್ತಂತೆ. ಕೆಲಸ ಎರಡಾದರೂ ಜಾಹೀರಾತಿನ ಸಾಲು ಮಾತ್ರ ಹಾಗೆಯೇ ಉಳಿದುಬಂದಿತ್ತು. ಪರವಾನಗಿಯ ಕಥೆಯೂ ಅಷ್ಟೇ: ತಿಂಗಳಿಗೊಮ್ಮೆ ಇನ್ನೊಂದು ಗೋದಾಮಿಗೆ ಹೋಗಿಬರುವುದಿತ್ತು, ಆದರೆ ಅವರು ಹೋಗುತ್ತಿದ್ದುದು ಬಸ್ಸಿನಲ್ಲಿ.

ಅಲ್ಲಿಂದ ನಾನು ಒಂದು ಕ್ರಮ ಹಿಡಿದೆ. ಎತ್ತುವುದು, ನಡೆಯುವುದು, ಮಾತನಾಡುವುದು ಮುಂತಾಗಿ ದೇಹದ ಕ್ರಿಯೆ ಹೇಳುವ ಪದಗಳಿಗೆಲ್ಲ ಗೆರೆ ಎಳೆದು, ಆ ಕ್ರಿಯೆಯಿಂದ ಆಗಬೇಕಾದ ಕೆಲಸವೇನು ಎಂಬುದನ್ನಷ್ಟೇ ಬರೆದೆ. “ಫೋನಿನಲ್ಲಿ ಸ್ಪಷ್ಟವಾಗಿ ಮಾತನಾಡಬಲ್ಲವರು” ಎಂಬುದು “ಸರಕಿನ ಕೊರತೆಯನ್ನು ಅದೇ ದಿನ ಸರಬರಾಜುದಾರರಿಗೆ ತಿಳಿಸುವುದು” ಎಂದಾಯಿತು. ಇಮೇಲ್ ಮೂಲಕ ತಿಳಿಸಿದರೂ ಕೆಲಸ ನಡೆಯುತ್ತದೆ. ಪರವಾನಗಿಯ ಜಾಗದಲ್ಲಿ “ತಿಂಗಳಿಗೊಮ್ಮೆ ಪ್ರಯಾಣವಿದೆ, ಯಾವುದೇ ಸಾರಿಗೆಯಲ್ಲಿ ಹೋಗಬಹುದು” ಎಂದು ಬರೆದೆ. ವಯಸ್ಸಿನ ಮಿತಿಯನ್ನು ಅಳಿಸಿದೆನಾದರೂ, “ಅನುಭವ ಗರಿಷ್ಠ 5 ವರ್ಷ” ಎಂಬ ಸಾಲು ಅದೇ ಬೇಲಿಯನ್ನು ಬೇರೆ ಹೆಸರಿನಲ್ಲಿ ಕಟ್ಟುತ್ತಿದೆ ಎಂಬುದು ಎರಡನೆಯ ಓದಿನಲ್ಲಿ ಹೊಳೆಯಿತು. ಗರಿಷ್ಠವನ್ನು ತೆಗೆದು, ಕನಿಷ್ಠವನ್ನು ಮಾತ್ರ ಉಳಿಸಿದೆ.

ಹೆಚ್ಚು ತಿಣುಕಾಡಿದ್ದು ಕೊನೆಯ ಆಹ್ವಾನದ ಸಾಲಿಗೆ. “ಅಂಗವಿಕಲರೂ ಅರ್ಜಿ ಸಲ್ಲಿಸಬಹುದು” ಎಂದು ಬರೆದು ನೋಡಿದರೆ, ಆ “ರೂ” ಒಂದರಲ್ಲೇ ಉಪಕಾರ ಮಾಡುತ್ತಿರುವ ಧ್ವನಿಯಿತ್ತು. ಅದರ ಬದಲು ಆಯ್ಕೆಯ ವಿಧಾನವನ್ನೇ ವಿವರಿಸಿದೆ: “ಕಂಪ್ಯೂಟರಿನಲ್ಲಿ 40 ನಿಮಿಷದ ಲೆಕ್ಕದ ಪರೀಕ್ಷೆ, ಬಳಿಕ ನೆಲಮಹಡಿಯಲ್ಲಿ ಸಂದರ್ಶನ. ಅಂಗವೈಕಲ್ಯದ ಕಾರಣಕ್ಕೆ ಹೆಚ್ಚಿನ ಸಮಯ, ಸಂಜ್ಞಾಭಾಷೆಯ ದುಭಾಷಿ ಅಥವಾ ಬೇರೆ ಅನುಕೂಲ ಬೇಕಿದ್ದರೆ ತಿಳಿಸಿ. ವೈದ್ಯಕೀಯ ವಿವರ ಬೇಕಿಲ್ಲ.” ಜೊತೆಗೆ ವಿಚಾರಿಸಬೇಕಾದವರ ಹೆಸರು, ಫೋನ್ ಮತ್ತು ಇಮೇಲ್ ಮೂರನ್ನೂ ಕೊಟ್ಟೆ, ಏಕೆಂದರೆ ಬರೀ ಫೋನ್ ಸಂಖ್ಯೆ ಕಿವುಡರಿಗೆ ಮುಚ್ಚಿದ ಬಾಗಿಲು.

ಇಷ್ಟೆಲ್ಲ ಮಾಡಿದ ಮೇಲೂ ನಾನೊಂದು ಪೆದ್ದುತನ ಮಾಡಿದೆ. ಅಂದವಾಗಿ ಕಾಣಲೆಂದು ಜಾಹೀರಾತನ್ನು ಚಿತ್ರವಾಗಿ ಹಂಚಿದ್ದೆ. ಪರದೆಯ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶ ಬಳಸುವ ಅಂಧರೊಬ್ಬರು, “ನಿಮ್ಮ ಜಾಹೀರಾತಿನಲ್ಲಿ ನನಗೆ ಕೇಳಿಸಿದ್ದು ‘ಚಿತ್ರ’ ಎಂಬ ಒಂದೇ ಪದ” ಎಂದು ಇಮೇಲ್ ಬರೆದರು. ಅಂದೇ ಅದನ್ನು ಪಠ್ಯರೂಪದಲ್ಲಿ ಹಾಕಿ, ಅರ್ಜಿಯ ಕೊನೆಯ ದಿನವನ್ನು ಒಂದು ವಾರ ಮುಂದೂಡಿದೆ.

ಸರಕು ಸಾಗಿಸುವವರ ಹುದ್ದೆಗೆ ಬಂದಾಗ ಭಾರದ ಸಾಲನ್ನು ತೆಗೆಯಲಿಲ್ಲ, ಏಕೆಂದರೆ ಅಲ್ಲಿ ಅದು ನಿಜವಾದ ಕೆಲಸ. ಆದರೆ “ದೈಹಿಕವಾಗಿ ಸದೃಢರು” ಎಂಬ ಮಸುಕು ಮಾತಿನ ಬದಲು, ಎಷ್ಟು ಕಿಲೋ, ದಿನಕ್ಕೆ ಸುಮಾರು ಎಷ್ಟು ಬಾರಿ, ಯಾವ ಗಾಡಿಯ ನೆರವಿದೆ ಎಂಬುದನ್ನು ಬಿಡಿಸಿ ಬರೆದೆ.