ಪಾಳು ಬಿದ್ದ ಗದ್ದೆಗಳ ಅಧ್ಯಯನ: ನನ್ನ ಕೇಸ್‌ಗೆ ಗಡಿ ಹಾಕಿದ್ದು ಹೀಗೆ

ಕೊಡಗಿನಲ್ಲಿ ಭತ್ತದ ಗದ್ದೆಗಳು ಪಾಳು ಬೀಳುತ್ತಿರುವುದನ್ನು ಕಂಡವರಿಗೆ ಕಾರಣಗಳೂ ಗೊತ್ತು. ಕೂಲಿ ಆಳು ಸಿಗಲ್ಲ, ಕಾಡುಹಂದಿ, ಆನೆ, ಮಕ್ಕಳು ಬೆಂಗಳೂರಲ್ಲಿ. ನನಗೆ ಬೇಕಿದ್ದ ಉತ್ತರ ಬೇರೆ: ಒಂದೇ ಬಯಲಿನಲ್ಲಿ ಕೆಲವರು ನಾಟಿ ಬಿಟ್ಟರು, ಪಕ್ಕದವರು ಯಾಕೆ ಬಿಡಲಿಲ್ಲ?

ಈ ಪ್ರಶ್ನೆಗೆ ಅಧ್ಯಯನದ ಘಟಕ, ಅಂದರೆ ಇಡಿಯಾಗಿ ಆಳವಾಗಿ ನೋಡಬೇಕಾದ 'ಕೇಸ್', ಯಾವುದು? ಮೊದಲು ತಲೆಗೆ ಬರುವುದು ರೈತ. ಆದರೆ ಇಲ್ಲಿ ಎಷ್ಟೋ ಗದ್ದೆ ಜಮ್ಮಾ ಜಮೀನು, ಅಂದರೆ ಒಂದೇ ಮೂಲದ ಮನೆಗಳೆಲ್ಲ ಸೇರಿದ ಒಕ್ಕಕ್ಕೆ ತಲೆಮಾರುಗಳಿಂದ ಒಟ್ಟಾಗಿ ಬಂದದ್ದು. ನಾಟಿ ಮಾಡಬೇಕೋ ಬೇಡವೋ ಅಂತ ಪಾಲುದಾರರೆಲ್ಲ ಸೇರಿ ನಿರ್ಧರಿಸುತ್ತಾರೆ. ಒಂದೇ ಮನೆಯ ಅಣ್ಣ ಒಂದು ಕಾರಣ, ತಮ್ಮ ಇನ್ನೊಂದು ಕಾರಣ ಹೇಳಿದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಿರ್ಧಾರ ಅವರಿಬ್ಬರಿಗಿಂತ ದೊಡ್ಡ ಜಾಗದಲ್ಲಿ ಆಗುತ್ತಿದೆ ಅನ್ನುವುದಕ್ಕೆ ಅದು ಸೂಚನೆ. ಹಾಗಾಗಿ ಬಯಲು ನನ್ನ ಕೇಸ್, ಅದರೊಳಗಿನ ಒಂದೊಂದು ಒಕ್ಕವೂ ಒಳಘಟಕ ಅಂತ ಇಟ್ಟುಕೊಂಡೆ.

ಬಯಲಿನ ಗಡಿಗೆ ಕಂದಾಯ ಗ್ರಾಮದ ಗೆರೆ ಉಪಯೋಗಕ್ಕೆ ಬರಲಿಲ್ಲ. ಒಂದೇ ತೋಡಿಗೆ ನೀರು ಬಸಿಯುವ ಗದ್ದೆಗಳೆಲ್ಲ ಒಳಗೆ, ಉಳಿದವು ಹೊರಗೆ. ಗ್ರಾಮದ ಗೆರೆ ಆ ತೋಡನ್ನು ಎರಡು ಹೋಳು ಮಾಡುತ್ತಿತ್ತು, ಅಲ್ಲಿಗೆ ಕಾರಣವೇ ಕಾಣೆಯಾಗುತ್ತಿತ್ತು. ಕಾಲದ ಗಡಿಯನ್ನು 2018ರ ಆಗಸ್ಟ್‌ನ ಭೂಕುಸಿತಕ್ಕಿಂತ ಕೆಲವು ಬೆಳೆ ಹಿಂದೆಯೇ ಶುರು ಮಾಡಿದೆ. ಇಲ್ಲದಿದ್ದರೆ ಮೊದಲೇ ಪಾಳು ಬಿದ್ದದ್ದನ್ನೂ ಆ ಮಳೆಯ ತಲೆಗೆ ಕಟ್ಟಿಬಿಡುತ್ತೇವೆ. ಕಾಫಿ ಬೆಲೆ ಕೇಸ್‌ನ ಹೊರಗೆ, ಅದು ಹಿನ್ನೆಲೆ. ಯಾವುದಾದರೂ ಒಕ್ಕ ತಾನಾಗಿ ಅದನ್ನು ಹೇಳಿದರೆ ಮಾತ್ರ ಬರೆದುಕೊಂಡೆ. ಕಾಫಿ ತೋಟದ ಲೈನ್ ಮನೆಗಳ ಕೂಲಿಗಾರರಲ್ಲಿ ಈ ಗದ್ದೆಗಳಲ್ಲಿ ನಾಟಿ ಮಾಡಿದವರು ಒಳಗೆ.

ಯಾವ ಗದ್ದೆ ಯಾವ ವರ್ಷ ಬಿಟ್ಟರು ಅಂತ ನಕ್ಷೆಯಲ್ಲಿ ಗುರುತು ಹಾಕಿದಾಗ ಪಾಳು ಕೆಳಗಿನಿಂದ ಮೇಲಕ್ಕೆ ಹತ್ತಿತ್ತು. ಕೆಳಗಿನವರು ತಮ್ಮ ಪಾಲಿನ ತೋಡಿನ ಹೂಳು ತೆಗೆಯುವುದನ್ನು ಬಿಟ್ಟಿದ್ದರು. ನೀರು ಹರಿಯದೆ ಮೇಲಿನ ಗದ್ದೆಯಲ್ಲಿ ನಿಂತು ಸಸಿ ಕೊಳೆಯುತ್ತಿತ್ತು. ಆದರೆ ಮೇಲಿನವರೂ ಹೇಳಿದ್ದು 'ಆಳು ಸಿಗಲ್ಲ' ಅಂತಲೇ. ಒಕ್ಕಗಳನ್ನು ಬಿಡಿಬಿಡಿಯಾಗಿ ನೋಡಿದ್ದರೆ ಇದು ಕಾಣುತ್ತಿರಲಿಲ್ಲ.

ಒಂದು ಬಯಲು ಸಾಕಾ? ತೋಡು ಹೇಗೆ ಕೆಲಸ ಮಾಡುತ್ತದೆ ಅಂತ ತೋರಿಸಲು ಸಾಕು. ಅದೇ ಕಾರಣ ಅಂತ ಗಟ್ಟಿಯಾಗಿ ಹೇಳಲು ಸಾಲದು. ಹಾಗಂತ ಸುಮ್ನೆ ಇನ್ನಷ್ಟು ಬಯಲು ಸೇರಿಸಿದರೆ ಪ್ರಯೋಜನವಿಲ್ಲ, ಇದು ಸರ್ವೆ ಅಲ್ವಲ್ಲ. ಎರಡನೆಯದಾಗಿ ಆರಿಸಿದ್ದು ಕೆಳಗಿನವರು ಹೂಳು ತೆಗೆಯುವುದನ್ನು ಬಿಟ್ಟಿದ್ದ ಇನ್ನೊಂದು ಬಯಲು. ಅಲ್ಲೂ ಪಾಳು ಹೀಗೇ ಹತ್ತಬೇಕು. ಮೂರನೆಯದರಲ್ಲಿ ಆಳಿನ ಕೊರತೆ ಅಷ್ಟೇ ಇದೆ, ಆದರೆ ತೋಡನ್ನು ಎಲ್ಲರೂ ಸೇರಿ ಸ್ವಚ್ಛ ಮಾಡುತ್ತಾರೆ. ಅಲ್ಲಿ ಪಾಳು ಅಲ್ಲೊಂದು ಇಲ್ಲೊಂದು ಇರಬೇಕು, ಸಾಲಾಗಿ ಇರಬಾರದು. ಈ ಎರಡು ನಿರೀಕ್ಷೆಗಳನ್ನು ಅಲ್ಲಿಗೆ ಹೋಗುವ ಮೊದಲೇ ಬರೆದಿಟ್ಟೆ. ನೋಡಿ ಬಂದ ಮೇಲೆ ಬರೆದರೆ ಯಾವ ಬಯಲು ಬೇಕಾದರೂ ನಮ್ಮ ಮಾತಿಗೆ ಹೊಂದಿಕೊಳ್ಳುತ್ತದೆ.

ಮೂರನೆಯ ಬಯಲಲ್ಲೂ ಪಾಳು ಸಾಲಾಗಿಯೇ ಕಂಡಿದ್ದರೆ ತೋಡಿನ ವಾದವನ್ನು ಕೈಬಿಡಬೇಕಿತ್ತು. ಕಂಡದ್ದು ಬಿಡಿಬಿಡಿ ಪಾಳು. ಕಾಡಂಚಿನ ಗದ್ದೆಗಳಲ್ಲಿ ಮಾತ್ರ ಅದು ಜಾಸ್ತಿ ಇತ್ತು. ಅಲ್ಲಿನ ಒಕ್ಕಗಳು ಹೇಳಿದ ಕಾರಣ ಆನೆ. ಅದಕ್ಕೆ ತೋಡಿನ ಗಡಿ ಸಾಲದು, ಆನೆ ಓಡಾಡುವ ದಾರಿಯನ್ನೇ ಗಡಿ ಮಾಡಿಕೊಂಡ ಬೇರೆ ಕೇಸ್ ಬೇಕು.