ಹುಣ್ಣಿನ ಫೋಟೊ ಸರಿ, ಬೆರಳಿಟ್ಟು ನೋಡಿದಿರಾ?

ರಾಜಾಜಿನಗರದ ನನ್ನ ಕ್ಲಿನಿಕ್ಕಿನಲ್ಲಿ ಬಾಯಿ ಹುಣ್ಣಿನವರ ಫೋಟೊ ತೆಗೆದು ತಾರೀಕು ಬರೆದಿಡುತ್ತೇನೆ ಅಂದರೆ ಬ್ಯಾಚ್‌ಮೇಟುಗಳು ನಗುತ್ತಿದ್ದರು. "ಜೆಲ್ ಬರೆದು ಕಳಿಸೋದಕ್ಕೆ ಆಲ್ಬಮ್ ಯಾಕೋ?" ಅಂತ. ಒಬ್ಬ ಟೈಲರ್ ಬಂದುಹೋದ ಮೇಲೆ ನಗು ನಿಂತಿತು.

ಮೊದಮೊದಲು ದುಡ್ಡು ದಂಡ. ಮ್ಯಾಕ್ರೋ ಲೆನ್ಸು, ರಿಂಗ್ ಲೈಟು ಅಂತ ಎಂಟು ಸಾವಿರದ ಹತ್ತಿರ ಹೋಯಿತು. ರಿಂಗ್ ಲೈಟು ಎಂಜಲಿನ ಮೇಲೆ ಬಿಳಿ ಬಳೆ ಮೂಡಿಸಿ ಹುಣ್ಣನ್ನೇ ಮುಚ್ಚಿಬಿಡುತ್ತಿತ್ತು. ಈಗ ಗಾಜ್‌ನಿಂದ ಒತ್ತಿ ಒಣಗಿಸುತ್ತೇನೆ, ಫೋನನ್ನು ತುಸು ದೂರ ಹಿಡಿದು ಜೂಮ್ ಮಾಡುತ್ತೇನೆ, ಪಕ್ಕದಲ್ಲಿ ಮಿಲಿಮೀಟರ್ ಗೆರೆಗಳಿರುವ ಪ್ರೋಬ್ ಕಡ್ಡಿ ಇಡುತ್ತೇನೆ. ನಾಲಿಗೆ ಅಲುಗದಂತೆ ಹಿಡಿಯುವ ಉಪಾಯ ಒಂದಿದೆ, ಅದು ನನ್ನ ಹತ್ತಿರವೇ ಇರಲಿ.

ಟೈಲರಿಗೆ ಎಡಗಡೆ ನಾಲಿಗೆಯಂಚಿನಲ್ಲಿ ಹುಣ್ಣು. "ಉಷ್ಣ ಸಾರ್, ಒಂದು ವಾರ ಆಯ್ತು" ಅಂದರು. ಎದುರಿಗೇ ಮುರಿದ ದವಡೆ ಹಲ್ಲಿನ ಚೂಪು. ಅಳತೆ 7 ಮಿ.ಮೀ. ಆ ಚೂಪನ್ನು ಉಜ್ಜಿ ನುಣುಪು ಮಾಡಿದೆ, ಎರಡು ವಾರ ಬಿಟ್ಟು ಬನ್ನಿ ಅಂದೆ. ಬರಲಿಲ್ಲ, ಫೋಟೊ ಬಂತು. ಹೆಂಡತಿ ಐಸ್‌ಕ್ರೀಮ್ ಕಡ್ಡಿಗೆ ಸ್ಕೇಲಿನ ಗೆರೆ ಹಾಕಿ ಪಕ್ಕದಲ್ಲಿ ಹಿಡಿದಿದ್ದರು. ಲೆಕ್ಕ ಹಾಕಿದರೆ 5 ಮಿ.ಮೀ. ಕೆಂಪೂ ಇಳಿದ ಹಾಗಿತ್ತು. ನನಗೂ ಖುಷಿಯಾಯಿತು.

ಆದರೆ ಅದು ಹುಣ್ಣು ಶುರುವಾದ ಇಪ್ಪತ್ತೊಂದನೇ ದಿನ. ಮೂರು ವಾರವಾದರೂ ಮಾಯದ ಹುಣ್ಣನ್ನು ಎದುರಿಗೇ ನೋಡಬೇಕು ಅನ್ನುವುದು ನನ್ನ ನಿಯಮ, ಅದರಂತೆ ಕರೆಸಿದೆ. ಪ್ರೋಬ್ ಇಟ್ಟರೆ ಅದೇ 7, ತುಸು ಹೆಚ್ಚೇ. ಮನೆಯಲ್ಲಿ ಕಡ್ಡಿ ಹುಣ್ಣಿಗಿಂತ ಕ್ಯಾಮೆರಾಗೆ ಹತ್ತಿರವಿತ್ತು. ಗೆರೆಗಳು ಹಿಗ್ಗಿ ಕಂಡವು, ಹುಣ್ಣು ಕುಗ್ಗಿತು. ಬಣ್ಣವನ್ನು ಫೋನೇ ತಿದ್ದಿತ್ತು. ಗ್ಲೌಸು ಹಾಕಿ ಬೆರಳಿಟ್ಟೆ: ಅಂಚಿನ ಕೆಳಗೆ ಗಟ್ಟಿ, ಕಾಲರಿನೊಳಗೆ ಕ್ಯಾನ್ವಾಸ್ ಇಟ್ಟ ಹಾಗೆ. ನೋವೂ ಅಷ್ಟಿಲ್ಲ. ಕತ್ತಿನಲ್ಲಿ ಗಂಟು ಸಿಗಲಿಲ್ಲ. ಮರುದಿನವೇ ಅಂಚಿನಿಂದ ಬಯಾಪ್ಸಿ. ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ, ಅಂದರೆ ನಾಲಿಗೆಯ ಮೇಲ್ಪದರದ ಕ್ಯಾನ್ಸರ್, ಆರಂಭದ ಹಂತ. ಸರ್ಜರಿ ಆಗಿ ಈಗ ಮತ್ತೆ ಮಿಷನ್ ಮೇಲೆ ಕೂತಿದ್ದಾರೆ.

ಅದೇ ವಾರ ಒಬ್ಬ ಕಾಲೇಜು ಹುಡುಗಿ ಬಂದಿದ್ದಳು. ತುಟಿಯೊಳಗೆ ಹಳದಿ ತಳ, ಸುತ್ತ ಕೆಂಪು ಉಂಗುರ, ಸಾರು ತಾಗಿದರೆ ಕಣ್ಣೀರು. ಮಾಮೂಲಿ ಅಫ್ಥಸ್, ತಾನಾಗಿಯೇ ಮಾಯುವ ಬಾಯಿ ಹುಣ್ಣು. ಹತ್ತನೇ ದಿನದ ಫೋಟೊದಲ್ಲಿ ಜಾಗವೇ ಗೊತ್ತಾಗಲಿಲ್ಲ. ಇಂಥ ಕಡೆ ಫೋಟೊ ನಿಜಕ್ಕೂ ಕೆಲಸಕ್ಕೆ ಬರುತ್ತದೆ: ಮಾಯವಾಗಿದೆ ಅನ್ನುವುದನ್ನು ತೋರಿಸುತ್ತದೆ, ಮುಂದಿನ ಸಲ ಹುಣ್ಣು ಹಳೇ ಜಾಗದಲ್ಲೇ ಎದ್ದಿದೆಯೋ ಬೇರೆ ಕಡೆಯೋ ಹೇಳುತ್ತದೆ.

ನಡುವೆ, ಅನುಮಾನದ ಜಾಗವನ್ನು ನೀಲಿಯಾಗಿ ತೋರಿಸುವ ಟೊಲುಯಿಡಿನ್ ಬ್ಲೂ ಬಣ್ಣ ಹಚ್ಚಿ ಫೋಟೊ ತೆಗೆಯುವ ಹುಚ್ಚೂ ಹಿಡಿದಿತ್ತು. ಮಾಮೂಲಿ ಹುಣ್ಣುಗಳೂ ನೀಲಿಯಾದವು, ನನ್ನ ಏಪ್ರನ್ನೂ ನೀಲಿಯಾಯಿತು. ಬಿಟ್ಟೆ.

ಮೂರು ವಾರ ದಾಟಿತೆಂದು ಬಯಾಪ್ಸಿಗೆ ಕಳಿಸಿದ ಹನ್ನೊಂದೋ ಹನ್ನೆರಡೋ ಜನರಲ್ಲಿ ಕ್ಯಾನ್ಸರ್ ಬಂದದ್ದು ಇಬ್ಬರಿಗೆ. ಒಬ್ಬರದು ದೊಡ್ಡ ಅಫ್ಥಸ್, ಆರು ವಾರ ತೆಗೆದುಕೊಂಡು ಕಲೆ ಬಿಟ್ಟು ಮಾಯಿತು. ಅವರು ಬಯಾಪ್ಸಿ ಖರ್ಚಿಗೆ ಇವತ್ತಿಗೂ ನನ್ನನ್ನು ಬಯ್ಯುತ್ತಾರೆ.